ಹಿಂದಿನ ದಿನದ ಮೇಲ್

‘ನಾಳೆ ಸಭೆ ಇರುವುದನ್ನು ದಯವಿಟ್ಟು ಗಮನಿಸಿ. ಎಲ್ಲರೂ ಸರಿಯಾದ ಸಮಯಕ್ಕೆ ತಪ್ಪದೇ ಹಾಜರಾಗಬೇಕು. ತಡವಾಗಿ ಬರುವವರ ಬಗ್ಗೆ ಗಂಭೀರವಾಗಿ ಪರಿಗಣಿಸಲಾಗುವುದು. ಇನ್ನೂ ಉತ್ತರಿಸದವರ ಹೆಸರು ಈ ಕೆಳಗಿನಂತಿವೆ.’

ನಮ್ಮ ರೈತ ಗುಂಪುಗಳ ಒಕ್ಕೂಟದ ಹಿಂದಿನ ಕಾರ್ಯದರ್ಶಿಗಳು ಪ್ರತಿ ಸಭೆಯ ಹಿಂದಿನ ರಾತ್ರಿ, ಊಟ ಮುಗಿಸಿ ಕೈ ತೊಳೆದ ಮೇಲೆ, ಕಳುಹಿಸುತ್ತಿದ್ದ ಮೇಲ್ ಇದು. ಇದರಲ್ಲಿ ಸಭೆ ಎಷ್ಟು ಗಂಟೆಗೆ ಎಂಬುದಿಲ್ಲ, ಎಲ್ಲಿ ಎಂಬುದಿಲ್ಲ, ಏನು ತರಬೇಕು ಎಂಬುದೂ ಇಲ್ಲ. ಆದರೆ ಹೆಸರುಗಳು ಮಾತ್ರ ದಪ್ಪ ಅಕ್ಷರದಲ್ಲಿವೆ. ಹೆಸರು ಬಂದವರು ರಾತ್ರಿಯೇ ಎಲ್ಲರಿಗೂ ಹೋಗುವಂತೆ ‘ನಾನು ಹೋದ ವಾರವೇ ಉತ್ತರ ಕೊಟ್ಟಿದ್ದೇನೆ’ ಎಂದು ಬರೆಯುತ್ತಿದ್ದರು. ಹೆಸರು ಬಾರದವರು ‘ಬರುತ್ತೇನೆ’, ‘ನಾನೂ ಬರುತ್ತೇನೆ’, ‘ನಮಸ್ಕಾರ, ಬರುತ್ತೇನೆ’ ಎಂದು ಸೇರಿಸುತ್ತಿದ್ದರು. ಬೀದರಿನ ಹಿರಿಯ ಸದಸ್ಯರೊಬ್ಬರು ಎರಡು ಕೈ ಜೋಡಿಸಿದ ಚಿತ್ರವನ್ನಷ್ಟೇ ಕಳುಹಿಸುತ್ತಿದ್ದರು. ಅದು ಬರುವೆನೆಂಬ ಒಪ್ಪಿಗೆಯೋ, ಬಿಟ್ಟುಬಿಡಿ ಎಂಬ ಬೇಡಿಕೆಯೋ ಎಂಬುದು ಮರುದಿನ ಅವರು ಬಾಗಿಲಲ್ಲಿ ಕಾಣುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಇಷ್ಟೆಲ್ಲ ನಡೆದ ಮೇಲೂ ಮರುದಿನ ಬೆಳಿಗ್ಗೆ ಕಲಬುರಗಿಯ ನಮ್ಮ ಕಚೇರಿಯ ಫೋನು ಸುಮ್ಮನಿರುತ್ತಿರಲಿಲ್ಲ. ‘ಗೇಟ್ ಯಾವ ಕಡಿ ಅದರೀ?’ ‘ಆ ಕಾಗದ ತರಬೇಕೇನ್ರೀ?’ ‘ಮೇಲ್ ಎಲ್ಲಿ ಹೋಗ್ಯದೋ ಏನೋ, ಮತ್ತ ಹಾಕ್ರಿ.’ ‘ಊಟ ಅದನೋ, ಮನ್ಯಾಗ ಉಂಡು ಬರಬೇಕೋ?’ ಫೋನು ಎತ್ತುವ ಕೆಲಸ ನನ್ನದಾದ್ದರಿಂದ ಒಂದು ಸಂಗತಿ ನನಗೆ ಬೇಗ ಸ್ಪಷ್ಟವಾಯಿತು. ಸಭೆ ಇದೆಯೆಂಬುದನ್ನು ಯಾರೂ ಮರೆತಿರಲಿಲ್ಲ. ಜ್ಞಾಪನೆಯ ಮೇಲ್ ಅವರಿಗೆ ಗೊತ್ತಿದ್ದ ಒಂದೇ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಿ, ಗೊತ್ತಿಲ್ಲದ್ದನ್ನೆಲ್ಲ ನನ್ನ ಪಾಲಿಗೆ ಬಿಟ್ಟಿತ್ತು.

ಕಾರ್ಯದರ್ಶಿಗಳು ವರ್ಗವಾಗಿ ಹೋದ ಮೇಲೆ ಮೇಲ್ ಬರೆಯುವ ಕೆಲಸವೂ ನನ್ನ ಮೇಜಿಗೇ ಬಂತು. ಫೋನಿನ ಪಕ್ಕದಲ್ಲಿ ನಾನು ಇಟ್ಟುಕೊಂಡಿದ್ದ ಹಳೆಯ ನೋಟ್‌ಬುಕ್ಕಿನಲ್ಲಿ ಬೆಳಗಿನ ಪ್ರಶ್ನೆಗಳು ಬರೆದೇ ಇದ್ದವು. ಮುಂದಿನ ಸಭೆಯ ಹಿಂದಿನ ದಿನ ಏನು ಬರೆಯಬೇಕು ಎಂದು ತಲೆ ಕೆರೆದುಕೊಳ್ಳುವ ಅಗತ್ಯವೇ ಬೀಳಲಿಲ್ಲ. ಹಿಂದಿನ ಸಭೆಯ ಬೆಳಿಗ್ಗೆ ಜನ ಏನು ಕೇಳಿದ್ದರೋ ಅದಕ್ಕೆ ಉತ್ತರ ಬರೆದರೆ ಸಾಕಾಗಿತ್ತು.

ಏಪ್ರಿಲ್ ತಿಂಗಳ ಗೋದಾಮು ಸಭೆಯನ್ನೇ ತೆಗೆದುಕೊಳ್ಳಿ. ತೊಗರಿ ಇಡುವ ಗೋದಾಮಿನ ಬಾಡಿಗೆ ಕರಾರು ಚರ್ಚೆಗೆ ಬರಬೇಕಿತ್ತು. ಮಾರ್ಚ್ ಮಧ್ಯದಲ್ಲಿ ಕರೆಯೋಲೆ ಹೋದಾಗ ಸಮಯ 10.30 ಎಂದಿತ್ತು. ಆದರೆ ನಮ್ಮ ಕಡೆಯ ಬಿಸಿಲು ಎಲ್ಲರಿಗೂ ಗೊತ್ತಿರುವುದೇ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಿಗೆ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ಸಭೆಗೆ ಬರಬೇಕಿದ್ದ ಇಲಾಖೆಯ ಅಧಿಕಾರಿಗಳು ಬೆಳಿಗ್ಗೆಯೇ ಮುಗಿಸಿ ಎಂದರು. ಸಭೆ 8.30ಕ್ಕೆ ಬಂತು.

ಸಮಯ ಬದಲಾದ ಸುದ್ದಿಯನ್ನು ಹಿಂದಿನ ದಿನದ ಮೇಲಿನಲ್ಲಿ ಮೊದಲ ಬಾರಿಗೆ ಹೇಳುವುದು ಅನ್ಯಾಯ. ಬೀದರಿನಿಂದ ಬರುವವರು 8.30ಕ್ಕೆ ಕುರ್ಚಿಯಲ್ಲಿ ಕೂತಿರಬೇಕಾದರೆ ಹಿಂದಿನ ಸಂಜೆಯೇ ಬಂದು ನೆಂಟರ ಮನೆಯಲ್ಲಿ ಉಳಿಯಬೇಕಾಗಬಹುದು. ಅದಕ್ಕೆ ನೆಂಟರನ್ನೂ ಸಿದ್ಧಗೊಳಿಸಬೇಕು. ಆದ್ದರಿಂದ ಬದಲಾವಣೆ ತಿಳಿಸುವ ಮೇಲ್ ಒಂದು ವಾರ ಮೊದಲೇ ಹೋಗಿತ್ತು. ಕ್ಯಾಲೆಂಡರಿನಲ್ಲಿಯೂ ಹಳೆಯ ಸಭೆಯನ್ನು ಹಾಗೇ ಬಿಟ್ಟು ಹೊಸದೊಂದನ್ನು ಹುಟ್ಟಿಸದೆ, ಹಳೆಯದರ ಸಮಯವನ್ನೇ ತಿದ್ದಿ, ಅತಿಥಿಗಳಿಗೆ ತಿಳಿಸಬೇಕೇ ಎಂದು ಅದು ಕೇಳಿದಾಗ ಹೌದು ಎಂದು ಒತ್ತಿದ್ದೆವು. ಹೊಸದನ್ನು ಹುಟ್ಟಿಸಿದರೆ ಎರಡೂ ಉಳಿದುಕೊಂಡು, ಸಭೆ ಅರ್ಧ ಮುಗಿದಿರುವಾಗ ಹತ್ತು ಜೇಬುಗಳಲ್ಲಿ ಒಟ್ಟಿಗೆ ಅಲಾರಂ ಕೂಗಿ, ಸಭೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಶುರುವಾಗುತ್ತದೆ ಎಂದು ಸಾರುತ್ತದೆ. ಹಿಂದಿನ ದಿನದ ಮೇಲಿಗೆ ಉಳಿದದ್ದು, ಒಂದು ವಾರದಲ್ಲಿ ಮತ್ತೆ 10.30ಕ್ಕೇ ಜಾರಿರಬಹುದಾದ ತಲೆಗಳನ್ನು 8.30ಕ್ಕೆ ತಂದು ನಿಲ್ಲಿಸುವ ಕೆಲಸ. ಅದರ ಜೊತೆಗೆ, ಆ ವಾರದಲ್ಲಿ ಊರೇ ಸೇರಿಸಿದ ಕೆಲವು ವಿಷಯಗಳೂ ಇದ್ದವು.

ಮಧ್ಯಾಹ್ನ 3 ಗಂಟೆಯ ಸುಮಾರಿಗೆ ಕಳುಹಿಸಿದ ಮೇಲ್ ಹೀಗಿತ್ತು:

‘ಮಾನ್ಯರೆ, ನಾಳೆಯ ಸಭೆ ಬೆಳಿಗ್ಗೆ 8.30ಕ್ಕೆ. ಅಧಿಕಾರಿಗಳು 10ಕ್ಕೆ ಹೊರಡುವುದರಿಂದ ಬಾಡಿಗೆಯ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇವೆ. ಮುಂದಿನ ರಸ್ತೆಯನ್ನು ಪೈಪಿಗಾಗಿ ಅಗೆದಿದ್ದಾರೆ. ಹಿಂದಿನ ಗೇಟಿನಿಂದ ಬನ್ನಿ. ಆಟೊದವರಿಗೆ “ನೀರಿನ ಟಾಕಿ” ಎಂದರೆ ಸಾಕು. ಕರಾರಿನ ಕರಡನ್ನು ಮತ್ತೆ ಲಗತ್ತಿಸಿದ್ದೇನೆ. ನಾಳೆ ಚರ್ಚೆಯಾಗುವುದು 3ನೇ ಪುಟ ಮಾತ್ರ. ಪ್ರತಿ ತರಬೇಕಾಗಿಲ್ಲ, ಇಲ್ಲಿಯೇ ಕೊಡುತ್ತೇವೆ. ಸಭೆ ಮುಗಿದ ಮೇಲೆ ಊಟವಿದೆ. ಬರಲಾಗದವರು ಮಾತ್ರ ಕಚೇರಿಗೆ ಫೋನ್ ಮಾಡಿ, ಉಳಿದವರು ಉತ್ತರಿಸಬೇಕಾಗಿಲ್ಲ.’

ಇದರಲ್ಲಿ ‘ತಪ್ಪದೇ’ ಇಲ್ಲ, ‘ಮತ್ತೊಮ್ಮೆ ನೆನಪಿಸಲಾಗುತ್ತಿದೆ’ ಇಲ್ಲ. ನಮ್ಮ ಖಜಾಂಚಿಗಳಿಗೆ ಇದು ಸ್ವಲ್ಪ ಕೊರತೆಯೆನಿಸಿತು. ‘ಜರಾ ಖಡಕ್ ಇರಬೇಕ್ರಿ, ಇಲ್ಲಾಂದ್ರ ಯಾರು ಬರ್ತಾರ?’ ಎಂದರು. ಆದರೆ ಅಧಿಕಾರಿಗಳು 10ಕ್ಕೆ ಹೊರಡುತ್ತಾರೆ ಎಂಬ ಒಂದು ವಾಕ್ಯದಲ್ಲಿ ಎಷ್ಟು ಖಡಕ್ ಇದೆಯೆಂಬುದನ್ನು ಬಾಡಿಗೆ ಬಾಕಿ ಇರುವ ಸದಸ್ಯರು ಚೆನ್ನಾಗಿ ಅರಿತರು. ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಏನು ಕಳೆದುಕೊಳ್ಳುತ್ತೀರಿ ಎಂಬುದು ತಿಳಿದರೆ, ತಡವಾಗಿ ಬರಬೇಡಿ ಎಂದು ಬೇರೆ ಹೇಳುವುದು ಉಳಿಯುವುದಿಲ್ಲ.

ನೀರಿನ ಟಾಕಿಯ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಟ್ಟಡಕ್ಕೆ ಒಂದು ಅಧಿಕೃತ ವಿಳಾಸವಿದೆ: ಪ್ಲಾಟ್ ಸಂಖ್ಯೆ, ಬಡಾವಣೆಯ ಹೆಸರು, ಎರಡನೇ ಹಂತ, ಪಿನ್‌ಕೋಡ್ ಎಲ್ಲವೂ ಸೇರಿ ಬಹಳ ಗೌರವದಿಂದ ಕೂಡಿದ್ದು. ಕೇಂದ್ರ ಬಸ್ ನಿಲ್ದಾಣದ ಹೊರಗೆ ನಿಂತು ಅದನ್ನು ಓದಿ ಹೇಳಿದರೆ ಆಟೊದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವರಲ್ಲಿ ಧೈರ್ಯವಂತನೊಬ್ಬ ‘ಬೈಠೋ ಸಾಬ್’ ಎಂದು ಹತ್ತಿಸಿಕೊಂಡು ಊರನ್ನೆಲ್ಲ ತೋರಿಸಿ ತರುತ್ತಾನೆ. ಟಾಕಿ ಎಂದರೆ ನೇರ ಬಾಗಿಲಿಗೇ ಬಿಡುತ್ತಾನೆ. ಮೊಬೈಲಿನ ನಕ್ಷೆಯ ಗುರುತನ್ನು ಕಳುಹಿಸಬಾರದೇ ಎಂದು ಕೇಳುವವರಿದ್ದಾರೆ. ಕಳುಹಿಸಬಹುದು, ಕಳುಹಿಸಿಯೂ ಇದ್ದೇವೆ. ಆದರೆ ಆ ಗುರುತು ಮುಂದಿನ ಗೇಟಿನ ಮೇಲೆ ಕೂತಿತ್ತು, ಆ ವಾರ ಮುಂದಿನ ಗೇಟಿನ ಎದುರು ಆಳೆತ್ತರದ ಕಂದಕವಿತ್ತು. ನಕ್ಷೆಗೆ ಕಂದಕದ ಸುದ್ದಿ ತಲುಪಿರಲಿಲ್ಲ.

ಕರಡನ್ನು ಮತ್ತೆ ಲಗತ್ತಿಸುವುದನ್ನು ಕೆಲವರು ದಂಡ ಎನ್ನುತ್ತಾರೆ. ಮೊದಲೇ ಕಳುಹಿಸಿದ್ದೇವಲ್ಲ ಎಂಬುದು ಅವರ ವಾದ. ‘ದಿನಾಂಕ ಇಂಥದರ ನಮ್ಮ ಮೇಲ್ ನೋಡಿ’ ಎಂದು ಬರೆದರೆ, ಆ ಮನುಷ್ಯ ಆಳಂದದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ಮೂರು ವಾರದ ಮೇಲ್‌ಗಳನ್ನು ಸರಿಸಬೇಕು. ಸರಿಸುವುದಿಲ್ಲ, ನನಗೆ ಫೋನ್ ಮಾಡುತ್ತಾನೆ. ಇಡೀ ಕರಡು ಓದಿ ಬನ್ನಿ ಎಂದರೆ ಯಾರೂ ಓದುವುದಿಲ್ಲ. 3ನೇ ಪುಟ ಎಂದರೆ ಆ ಒಂದು ಪುಟವನ್ನು ನಿಂತಲ್ಲಿಯೇ ಓದಿ, ಅದರಲ್ಲಿ ಒಂದು ತಪ್ಪನ್ನೂ ಹಿಡಿದು ಬರುತ್ತಾರೆ.

ಮಧ್ಯಾಹ್ನ 3 ಗಂಟೆಗೂ ಒಂದು ಕಾರಣವಿದೆ. ಆಗ ಓದಿದವರಿಗೆ ಏನಾದರೂ ಮಾಡಲು ಇನ್ನೂ ಹೊತ್ತಿರುತ್ತದೆ: ಝೆರಾಕ್ಸ್ ಅಂಗಡಿ ತೆರೆದಿರುತ್ತದೆ, ಬ್ಯಾಂಕಿನವರು ಫೋನ್ ಎತ್ತುತ್ತಾರೆ, ಜೊತೆಗೆ ಬರುವವರನ್ನು ಹುಡುಕಿ ಒಂದೇ ಗಾಡಿ ಮಾಡಿಕೊಳ್ಳಬಹುದು. ರಾತ್ರಿ 9.30ಕ್ಕೆ ‘ಪಾಸ್‌ಬುಕ್ಕಿನ ಪ್ರತಿ ತನ್ನಿ’ ಎಂದು ಬರೆದರೆ ಓದಿದವರಿಗೆ ಸಿಗುವುದು ನಿದ್ದೆಗೇಡು ಮಾತ್ರ.

ಈ ಸಲವೂ ಒಂದು ಎಡವಟ್ಟು ಆಗದೆ ಇರಲಿಲ್ಲ. ವಿಷಯದ ಸಾಲಿನಲ್ಲಿ ‘ನಾಳೆ 8.30ಕ್ಕೆ ಗೋದಾಮು ಸಭೆ, ಹಿಂದಿನ ಗೇಟ್’ ಎಂದಷ್ಟೇ ಇರಲೆಂಬುದು ನನ್ನ ಮನಸ್ಸಿನಲ್ಲಿತ್ತು, ಏಕೆಂದರೆ ಮೊಬೈಲಿನಲ್ಲಿ ಮೇಲ್ ತೆರೆಯುವ ಮುನ್ನ ಕಾಣುವುದು ಮೊದಲ ನಾಲ್ಕೈದು ಪದ ಮಾತ್ರ, ಬಹಳ ಜನ ಅಷ್ಟಕ್ಕೇ ನಿಲ್ಲುತ್ತಾರೆ. ಖಜಾಂಚಿಗಳು ಮಾತ್ರ ಹಟ ಹಿಡಿದು, ಯಾರಿಗೂ ಸಂಶಯ ಉಳಿಯಬಾರದೆಂದು ಅದನ್ನು ‘10.30 ಅಲ್ಲ, ನಾಳೆ 8.30ಕ್ಕೆ ಸಭೆ’ ಎಂದು ಮಾಡಿಸಿದರು. ಚಿಂಚೋಳಿಯ ಸದಸ್ಯರೊಬ್ಬರ ಮೊಬೈಲು ಅದರಲ್ಲಿ ಮೊದಲು ತೋರಿಸಿದ್ದು 10.30. ಅವರು ಹಿಂದಿನ ಗೇಟಿನಿಂದ, ಒಂದೂ ಫೋನ್ ಮಾಡದೆ, 10.20ಕ್ಕೆ ಬಂದು, ‘ನಾನೇ ಮೊದಲೇನ್ರೀ?’ ಎಂದು ನಗುತ್ತ ಬಾಗಿಲಲ್ಲಿ ನಿಂತಾಗ ಅಧಿಕಾರಿಗಳು ಹೋಗಿ ಹೊತ್ತಾಗಿತ್ತು. ಅವರ ಬಾಡಿಗೆಯೂ ನಿಗದಿಯಾಗಿತ್ತು. ಅಲ್ಲಿಂದೀಚೆಗೆ ರದ್ದಾದ ಸಮಯವನ್ನು ಎಲ್ಲಿಯೂ ಅಂಕಿಯಲ್ಲಿ ಬರೆಯುವುದಿಲ್ಲ. ಹೇಳಲೇಬೇಕಾದರೆ ‘ಮೊದಲು ತಿಳಿಸಿದ್ದಕ್ಕಿಂತ ಎರಡು ತಾಸು ಮುಂಚೆ’ ಎಂದು ಒಳಗೆ ಬರೆಯುತ್ತೇವೆ.

ಎಲ್ಲರ ವಿಳಾಸವನ್ನೂ ಗುಪ್ತ ಪ್ರತಿಯ ಸಾಲಿಗೆ ಹಾಕಿದ್ದರಿಂದ ‘ಬರುತ್ತೇನೆ, ನಮಸ್ಕಾರ’ಗಳ ಮೆರವಣಿಗೆ ನಿಂತಿತು. ಉತ್ತರಿಸಬೇಕಾಗಿಲ್ಲ ಎಂದು ಬರೆದಿದ್ದರೂ ಬೀದರಿನ ಹಿರಿಯರ ಜೋಡಿಸಿದ ಕೈಗಳು ನನಗೊಬ್ಬನಿಗೇ ಬಂದವು. ಬರುವುದು ಖಚಿತವಿಲ್ಲದವರಿಗೆ ನಾನೇ ಬೇರೆಯಾಗಿ ಫೋನ್ ಮಾಡಿದೆ. ನಾಲ್ಕು ಜನರಲ್ಲಿ ಹೆಸರು ಹಿಡಿದು ಕೂಗುವ ಬದಲು ‘ಕಾಕಾ, ನಾಳೆ ಬರ್ತೀರಲ್ರೀ?’ ಎಂದು ಕೇಳಿದರೆ ಬಾರದಿರುವ ನಿಜವಾದ ಕಾರಣವಾದರೂ ತಿಳಿಯುತ್ತದೆ.

ಜೂನ್ ತಿಂಗಳ ಸಭೆಗೆ ಹೊಸದಾಗಿ ಹೇಳುವುದು ಏನೂ ಇರಲಿಲ್ಲ. ಸಮಯ ಎಂದಿನ 10.30, ಗೇಟು ಎಂದಿನ ಮುಂದಿನದೇ, ರಸ್ತೆಯ ಕಂದಕವನ್ನೂ ಮುಚ್ಚಿದ್ದರು. ಹೇಳುವುದಿಲ್ಲದ ಮೇಲೆ ಮೇಲ್ ಏಕೆ ಎಂದು ಅಧ್ಯಕ್ಷರು ಹೇಳಿದ್ದರಿಂದ ಹಿಂದಿನ ದಿನ ಏನನ್ನೂ ಕಳುಹಿಸಲಿಲ್ಲ. ಮರುದಿನ ಬೆಳಿಗ್ಗೆ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ‘ಮೇಲೇ ಬಂದಿಲ್ರೀ. ಸಭಾ ಅದನೋ, ಕ್ಯಾನ್ಸಲ್ ಆಗ್ಯದನೋ?’ ಯಾದಗಿರಿಯ ಇಬ್ಬರು, ಮೇಲ್ ಬಾರದಿದ್ದರೆ ಸಭೆಯೂ ಇರಲಿಕ್ಕಿಲ್ಲವೆಂದು ತೀರ್ಮಾನಿಸಿ, ಬಿತ್ತನೆಗೆ ಹೊಲಕ್ಕೆ ಹೋಗಿಬಿಟ್ಟಿದ್ದರು. ಈಗ ಬದಲಾವಣೆ ಇಲ್ಲದಿದ್ದಾಗಲೂ ಮಧ್ಯಾಹ್ನ 3ಕ್ಕೆ ಒಂದು ಸಾಲು ಹೋಗುತ್ತದೆ: ‘ನಾಳೆ 10.30ಕ್ಕೆ ಸಭೆ, ಬದಲಾವಣೆ ಏನೂ ಇಲ್ಲ, ಊಟವಿದೆ.’