ರಾಯರ ನೀಲಿ ಪೆಟ್ಟಿಗೆ

ಬೆಳಿಗ್ಗೆ ಏಳೂಕಾಲಕ್ಕೆ ಬೆಂಗಳೂರಿನ ಟ್ರಾವೆಲ್ ಏಜೆಂಟರ ಮೆಸೇಜು ಬಂತು: "ನಮ್ಮ ಗೆಸ್ಟ್ ರಾಯರ ಲಗೇಜ್ ಕಾಣೆಯಾಗಿದೆ. ದಯವಿಟ್ಟು ಹುಡುಕಿಸಿ ಕೊಡಿ. ಅರ್ಜೆಂಟ್." ನಾನು ಉಡುಪಿಯ ಒಂದು ಹೋಟೆಲಿನ ಫ್ರಂಟ್ ಆಫೀಸಿನವ. ಪೆಟ್ಟಿಗೆ ಮುಂಬೈಯಲ್ಲಿ ವಿಮಾನ ಬದಲಿಸುವಾಗ ತಪ್ಪಿದ್ದು. ನಾನು ಹುಡುಕಬಹುದಾದ ಜಾಗವೆಂದರೆ ನಮ್ಮ ರಿಸೆಪ್ಷನ್ ಮೇಜಿನ ಅಡಿ ಮಾತ್ರ. ಆದರೂ ನೋಡಿದೆ. ಯಾರದ್ದೋ ಕೊಡೆ ಇತ್ತು.

ಹೀಗೆ ಉತ್ತರ ಬರೆಯಲು ಕೂತೆ: "ಸಾರ್, ಪೆಟ್ಟಿಗೆ ವಿಮಾನ ಕಂಪನಿಯವರ ವಶದಲ್ಲಿ ತಪ್ಪಿದ್ದರಿಂದ ಹುಡುಕಬೇಕಾದವರು ಅವರೇ. ರಾಯರು ಬಜ್ಪೆ ಏರ್‌ಪೋರ್ಟಿನಿಂದ ಹೊರಬರುವ ಮೊದಲು ಬ್ಯಾಗೇಜ್ ಕೌಂಟರಿನಲ್ಲಿ ದೂರು ಬರೆಸಿದ್ದಾರಾ? ಬರೆಸಿದ್ದರೆ IXE ಅಂತ ಶುರುವಾಗುವ ಹತ್ತು ಅಕ್ಷರ-ಅಂಕಿಗಳ ನಂಬರು ಸಿಕ್ಕಿರುತ್ತದೆ. ಬ್ಯಾಗಿಗೆ ಅಂಟಿಸಿದ ಚೀಟಿಯ ಪ್ರತಿಯಲ್ಲೂ ಹತ್ತಂಕಿಯ ನಂಬರು ಉಂಟು. ಎರಡನ್ನೂ ಕಳುಹಿಸಿ."

ಒಂದು ಗಂಟೆಯ ನಂತರ ಉತ್ತರ ಬಂತು: "ನೀಲಿ ಬಣ್ಣದ ಸೂಟ್‌ಕೇಸ್, ಹಿಡಿಕೆಗೆ ಕೆಂಪು ರಿಬ್ಬನ್." ನಮ್ಮ ದೇಶದಲ್ಲಿ ನೀಲಿ ಸೂಟ್‌ಕೇಸಿಗೆ ಕೆಂಪು ರಿಬ್ಬನ್ ಕಟ್ಟದವರು ಯಾರಿದ್ದಾರೆ ಮಾರಾಯ್ರೆ?

ರಾಯರನ್ನೇ ರೂಮಿನಿಂದ ಕರೆಸಿದೆ. ಜೇಬಿನಲ್ಲಿ ಮಡಚಿಟ್ಟ ಕಾಗದ ತೆಗೆದರು, ನಂಬರು ಸಿಕ್ಕಿತು. ಆದರೆ ವಿಳಾಸದ ಸಾಲಿನಲ್ಲಿ ನಮ್ಮ ಹೋಟೆಲಿನ ಹೆಸರೇನೋ ಇತ್ತು, ಫೋನ್ ನಂಬರಿನ ಜಾಗದಲ್ಲಿ ಏಜೆಂಟರದ್ದು! ರಾಯರಿಗೆ ಅದೊಂದೇ ಬಾಯಿಪಾಠವಂತೆ. ಅದನ್ನು ತಿದ್ದಿಸಲು ರಾಯರೇ ಮಾತಾಡಬೇಕು, ಹೋಟೆಲಿನವನಿಗೆ ಕಂಪನಿಯವರು ಕಿವಿ ಕೊಡುವುದಿಲ್ಲ. ಅವರ ಪಕ್ಕದಲ್ಲಿ ನಿಂತು ಕಾಲ್ ಹಾಕಿಸಿದೆ.

ಅಲ್ಲಿಂದ ಗೊತ್ತಾದದ್ದು ನನ್ನ ಮುಖದ ಬಣ್ಣ ಇಳಿಸಿತು. ಪೆಟ್ಟಿಗೆ ಹಿಂದಿನ ರಾತ್ರಿಯೇ ಮಂಗಳೂರಿಗೆ ಬಂದಿತ್ತು. ಹನ್ನೊಂದು ಗಂಟೆಗೆ ಡೆಲಿವರಿಯವ ನಮ್ಮ ಬಾಗಿಲಿಗೂ ಬಂದಿದ್ದ. ನಮ್ಮ ನೈಟ್ ಡ್ಯೂಟಿ ಹುಡುಗ ರಿಜಿಸ್ಟರ್ ನೋಡಿ "ಈ ಹೆಸರಿನವರು ಇಲ್ಲ" ಅಂತ ವಾಪಸ್ ಕಳುಹಿಸಿದ್ದ. ಸುಳ್ಳೇನೂ ಹೇಳಿರಲಿಲ್ಲ. ಟಿಕೆಟಿನಲ್ಲಿ ರಾಯರ ಇನಿಶಿಯಲ್ ಬಿಡಿಸಿ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿದ್ದರು. ನಮ್ಮ ರಿಜಿಸ್ಟರಿನಲ್ಲಿ ಬುಕಿಂಗ್ ಇದ್ದದ್ದು ಏಜೆಂಟರ ಹೆಸರಿನಲ್ಲಿ. ಎರಡೂ ಕಡೆ ಬೇರೆ ಬೇರೆ ಮನುಷ್ಯ.

ಏಜೆಂಟರಿಗೆ ಇದನ್ನು ಹೇಗೆ ಬರೆಯುವುದು? "ಸಣ್ಣ ತಾಂತ್ರಿಕ ತೊಂದರೆ" ಅಂತ ಬರೆದು ಅಳಿಸಿದೆ. ಕೊನೆಗೆ ಇದ್ದದ್ದನ್ನೇ ಬರೆದೆ. ಮುಂದೆ ಗೆಸ್ಟಿನ ಟಿಕೆಟಿನಲ್ಲಿರುವ ಹೆಸರನ್ನೇ ಬುಕಿಂಗಿಗೂ ಹಾಕಿ, ನಾವು ಡೆಲಿವರಿ ಬರುವುದನ್ನು ರಿಸೆಪ್ಷನ್ ಬೋರ್ಡಿಗೆ ಅಂಟಿಸುತ್ತೇವೆ ಎಂದೂ ಸೇರಿಸಿದೆ.

ಉಳಿದದ್ದು ನಿಜವಾಗಿ ನಮ್ಮ ಕೈಯಲ್ಲಿದ್ದ ಕೆಲಸ. ರಾಯರ ಬಿಪಿ ಮಾತ್ರೆ ಪೆಟ್ಟಿಗೆಯೊಳಗೆ ಇತ್ತು. ಅವರ ಮಗನಿಂದ ಡಾಕ್ಟರ ಚೀಟಿಯ ಫೋಟೋ ತರಿಸಿ ಮೆಡಿಕಲಿಗೆ ಹುಡುಗನನ್ನು ಓಡಿಸಿದೆ. ಬ್ರಷ್, ಬನಿಯನ್ ಕೊಂಡದ್ದಕ್ಕೂ ಬಿಲ್ ಇಟ್ಟುಕೊಳ್ಳಿ, ಕಂಪನಿಯಲ್ಲಿ ಕೇಳಲು ಬೇಕಾಗುತ್ತದೆ ಎಂದೆ. ದೇಶದೊಳಗಿನ ಪ್ರಯಾಣಕ್ಕೆ ಲಗೇಜಿನ ಪರಿಹಾರದ ಮೇಲ್ಮಿತಿ 20,000 ರೂಪಾಯಿ. ಒಳಗೆ ಮೊಮ್ಮಗಳ ಬಳೆ ಇದ್ದರೆ ಏನು ಎಂದು ರಾಯರು ಕೇಳಿದರು. ಚಿನ್ನ ಕೈಚೀಲದಲ್ಲಿರಬೇಕಿತ್ತು ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

ಕೃಷ್ಣ ಮಠಕ್ಕೆ ಹೋಗಲು ಬಟ್ಟೆಯಿಲ್ಲ ಅಂದರು. ಒಳಗೆ ಹೇಗೂ ಗಂಡಸರು ಅಂಗಿ ತೆಗೆಯಬೇಕಲ್ಲ, ಅರ್ಧ ಸಮಸ್ಯೆ ತಾನಾಗಿ ಬಗೆಹರಿಯಿತು. ಉಳಿದರ್ಧಕ್ಕೆ ನಮ್ಮ ಧನಿಗಳ ಕಪಾಟಿನಿಂದ ಜರಿಯಂಚಿನ ಪಂಚೆ ಹೊರಬಂತು. ಧನಿಗಳು ಕುಂದಾಪುರಕ್ಕೆ ಹೋಗಿದ್ದರು.

ಮಧ್ಯಾಹ್ನ ಎರಡಕ್ಕೆ ಪೆಟ್ಟಿಗೆ ಬಂತು. ರಾಯರು ಮಲ್ಪೆಯಲ್ಲಿದ್ದರು. ಹೊರಡುವ ಮೊದಲೇ, 'ನನ್ನ ಪರವಾಗಿ ಹೋಟೆಲಿನವರು ಪಡೆಯಬಹುದು' ಎಂಬ ರಾಯರ ಸಹಿಯ ಕಾಗದ, ಗುರುತಿನ ಚೀಟಿಯ ಪ್ರತಿ ತೆಗೆದಿಟ್ಟಿದ್ದೆ. ಹಿಡಿಕೆಯಲ್ಲಿ ಮಾಲೀಕನಿಲ್ಲದೆ ಬರುವ ಬ್ಯಾಗಿಗೆ ಕಟ್ಟುವ 'ರಷ್' ಚೀಟಿ ತೂಗುತ್ತಿತ್ತು, ರಿಬ್ಬನ್ ಮಾತ್ರ ಇರಲಿಲ್ಲ. ಮೊದಲು ಅಂಟಿಸಿದ್ದ ಬ್ಯಾಗಿನ ಚೀಟಿಯ ಅಂಕಿ ರಾಯರ ಪ್ರತಿಯೊಂದಿಗೆ ತಾಳೆ ನೋಡಿದೆ. ಬೀಗ, ಜಿಪ್, ಗಾಲಿ ತಿರುಗಿಸಿ ನೋಡಿದೆ. ಒಂದು ಮೂಲೆ ಜಜ್ಜಿತ್ತು. ಅದನ್ನು ಡೆಲಿವರಿ ಕಾಗದದಲ್ಲಿ ಬರೆಸಿದ ಮೇಲೆಯೇ ಸಹಿ ಹಾಕಿದೆ. ಒಮ್ಮೆ ಸುಮ್ಮನೆ ಸಹಿ ಹಾಕಿಬಿಟ್ಟರೆ, ಮೂಲೆ ಜಜ್ಜಿದ್ದು ಹೋಟೆಲಿನ ಮೆಟ್ಟಿಲಲ್ಲಿ ಅಂತಾಗುತ್ತದೆ.

ಸಂಜೆ ಪೆಟ್ಟಿಗೆ ತೆರೆದರು. ಬಳೆ ಇತ್ತು. ಮರುದಿನ ಬೆಳಿಗ್ಗೆ ಕೊಲ್ಲೂರಿಗೆ ಹೋದರು. ಏಜೆಂಟರಿಗೆ ಕೊನೆಯ ಉತ್ತರ ಬರೆದೆ:

"ಸಾರ್, ಲಗೇಜ್ ಗೆಸ್ಟಿನ ಕೈ ಸೇರಿದೆ. ಆದರೆ ಜರಿಯಂಚಿನ ಬಿಳಿ ಪಂಚೆಯೊಂದು ರಾಯರ ಜೊತೆ ಹೊರಟುಹೋಗಿದೆ. ಧನಿಗಳು ಇವತ್ತು ಸಂಜೆ ಬರುತ್ತಾರೆ. ದಯವಿಟ್ಟು ಹುಡುಕಿಸಿ ಕೊಡಿ. ಅರ್ಜೆಂಟ್."