ಎಲ್‌ಡಿಎಲ್ 100 ಅಂದ್ರೆ ನಿಶ್ಚಿಂತೆ ಅಂತ ಯಾರು ಹೇಳಿದ್ದು?

ಭಾವನ ಲಿಪಿಡ್ ಪ್ರೊಫೈಲ್ ರಿಪೋರ್ಟ್ ನೋಡಿದಾಗಿನಿಂದ ತಲೆ ಬಿಸಿಯಾಗಿದೆ. ಶುಗರ್ ಇದೆ, ಹೊಟ್ಟೆ ಬಂದಿದೆ. ಆದರೂ ಮನೆಯವರಿಗೆಲ್ಲ ಸಮಾಧಾನ, ಯಾಕಂದ್ರೆ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ "ಎಲ್‌ಡಿಎಲ್ ಬರೀ 100".

ಅದೇ ಹಾಳೆಯಲ್ಲಿ ಉಳಿದದ್ದೂ ಇದೆಯಲ್ಲ! ಒಟ್ಟು ಕೊಲೆಸ್ಟ್ರಾಲ್ 190, ಒಳ್ಳೇ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು 290. ಆ 100 ಅನ್ನೋದು ನೇರವಾಗಿ ಅಳೆದ ಸಂಖ್ಯೆಯೇ ಅಲ್ಲ. ಎಷ್ಟೋ ಲ್ಯಾಬ್‌ಗಳು 1972ರ ಫ್ರೀಡ್‌ವಾಲ್ಡ್ ಸೂತ್ರ ಹಿಡಿದು ಲೆಕ್ಕ ಹಾಕುತ್ತವೆ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ 58. 190ರಲ್ಲಿ 32 ಮತ್ತು 58 ಕಳೆದರೆ 100. ಟ್ರೈಗ್ಲಿಸರೈಡ್ ಏರಿದಷ್ಟೂ ಈ ಲೆಕ್ಕ ಎಲ್‌ಡಿಎಲ್ಅನ್ನು ಕಡಿಮೆ ತೋರಿಸುತ್ತದೆ. 400 ದಾಟಿದರೆ ಸೂತ್ರವನ್ನು ಬಳಸಲೇಬಾರದು.

ಈಗ ಒಂದೇ ಕಳೆಯುವ ಲೆಕ್ಕ ಮಾಡಿ. 190ರಲ್ಲಿ 32 ಹೋದರೆ 158. ಇದೇ ನಾನ್-ಎಚ್‌ಡಿಎಲ್. ರಕ್ತನಾಳದ ಗೋಡೆಗೆ ಹೊಕ್ಕು ಕೂರುವ ಕೊಬ್ಬು ಹೊತ್ತ ಎಲ್ಲ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿದೆ: ಎಲ್‌ಡಿಎಲ್ ಮಾತ್ರ ಅಲ್ಲ, ಟ್ರೈಗ್ಲಿಸರೈಡ್ ಹೊತ್ತು ತಿರುಗುವ ವಿಎಲ್‌ಡಿಎಲ್ ಮತ್ತು ಅದು ಕರಗಿ ಉಳಿದ ಚೂರುಗಳದ್ದೂ. ಇದಕ್ಕೆ ಖಾಲಿ ಹೊಟ್ಟೆ ಬೇಡ, ಹೆಚ್ಚು ದುಡ್ಡೂ ಬೇಡ. ಎಲ್‌ಡಿಎಲ್‌ಗೆ ಇಟ್ಟ ಗುರಿಗೆ 30 ಸೇರಿಸಿದರೆ ನಾನ್-ಎಚ್‌ಡಿಎಲ್ ಗುರಿ ಸಿಗುತ್ತದೆ. ಭಾವನ 100ಕ್ಕೆ ಹೊಂದುವ ನಾನ್-ಎಚ್‌ಡಿಎಲ್ 130 ಇರಬೇಕಿತ್ತು, ಬಂದಿರೋದು 158. ಆ 28ನ್ನು ಯಾರೂ ನೋಡಲಿಲ್ಲ!

ಅಪೊ ಬಿ ಇನ್ನೂ ಒಂದು ಹೆಜ್ಜೆ ಮುಂದೆ. ಈ ಕೆಟ್ಟ ಕಣಗಳಲ್ಲಿ ಒಂದೊಂದಕ್ಕೂ ಒಂದೇ ಒಂದು ಅಪೊ ಬಿ ಪ್ರೋಟೀನ್ ಇರುತ್ತದೆ. ಹಾಗಾಗಿ ಅದನ್ನು ಅಳೆದರೆ ಕಣಗಳ ಎಣಿಕೆ ಗೊತ್ತಾಗುತ್ತದೆ. ಟ್ರೈಗ್ಲಿಸರೈಡ್ ಜಾಸ್ತಿ ಇರುವವರಲ್ಲಿ ಎಲ್‌ಡಿಎಲ್ ಕಣಗಳು ತಮ್ಮ ಕೊಲೆಸ್ಟ್ರಾಲ್ ಬಿಟ್ಟುಕೊಟ್ಟು ಟ್ರೈಗ್ಲಿಸರೈಡ್ ತುಂಬಿಕೊಳ್ಳುತ್ತವೆ, ಆಮೇಲೆ ಸಣ್ಣಗಾಗುತ್ತವೆ. ಒಂದೊಂದರಲ್ಲೂ ಕೊಲೆಸ್ಟ್ರಾಲ್ ಕಡಿಮೆ, ಅಂದರೆ ಅದೇ 100 ಮಿಲಿಗ್ರಾಂ ಹೊರಲು ಕಣಗಳು ಜಾಸ್ತಿ ಬೇಕು. ಗೋಡೆಯೊಳಗೆ ನುಗ್ಗಿ ಅಂಟಿಕೊಳ್ಳೋದು ಕಣ. ಎಷ್ಟು ಕಣ ಬಡಿಯುತ್ತವೆ ಅನ್ನೋದೇ ಮುಖ್ಯ ಅಲ್ವಾ? ನಾನು ಹಟ ಹಿಡಿದು ಭಾವನಿಗೆ ಅಪೊ ಬಿ ಮಾಡಿಸಿದೆ: 122. ಅಪಾಯ ಜಾಸ್ತಿ ಇರುವವರಿಗೆ ಯುರೋಪಿನ ಹೃದ್ರೋಗ ತಜ್ಞರು 2019ರಲ್ಲಿ ಇಟ್ಟ ಗುರಿ 80ಕ್ಕಿಂತ ಕಡಿಮೆ.

"ಬಹಳ ಜನರಲ್ಲಿ ಮೂರೂ ಒಟ್ಟಿಗೇ ಏರಿಳಿಯುತ್ತವೆ, ಸುಮ್ನೆ ಯಾಕೆ ಇನ್ನೊಂದು ಟೆಸ್ಟ್" ಅಂತ ಒಬ್ಬ ಗೆಳೆಯ ಕೇಳಿದ. ನಿಜ, ಏರಿಳಿಯುತ್ತವೆ. ಆದರೆ ಹೊಂದದೇ ಹೋಗುವುದು ಯಾರಲ್ಲಿ? ಶುಗರ್ ಇರುವವರಲ್ಲಿ, ಹೊಟ್ಟೆ ಬಂದವರಲ್ಲಿ, ಟ್ರೈಗ್ಲಿಸರೈಡ್ ಏರಿ ಎಚ್‌ಡಿಎಲ್ ಇಳಿದವರಲ್ಲಿ. ನಮ್ಮ ಊರಲ್ಲಿ ಅಂಥವರು ಎಷ್ಟು ಮಂದಿ, ನೀವೇ ನೋಡಿ. ಎಲ್‌ಡಿಎಲ್ ಒಂದನ್ನೇ ನೋಡಿ ಕಳಿಸಿದಾಗ ತಪ್ಪಿಸಿಕೊಳ್ಳುವವರು ಇವರೇ. ಅದೇ ನನಗೆ ಸಿಟ್ಟು.

ಅಪೊ ಬಿಗೆ ಬೇರೆ ದುಡ್ಡು ಕೊಡಬೇಕು, ಎಲ್ಲ ಲ್ಯಾಬ್‌ಗಳಲ್ಲೂ ಸಿಗುವುದಿಲ್ಲ. ಅದು ಸಿಗದಿದ್ದರೂ ನಾನ್-ಎಚ್‌ಡಿಎಲ್ ನಿಮ್ಮ ಹಳೇ ರಿಪೋರ್ಟಲ್ಲೇ ಇದೆ. ತೆಗೆದು ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ. ಉತ್ತರ ಎಲ್‌ಡಿಎಲ್‌ಗಿಂತ 30ಕ್ಕೂ ಹೆಚ್ಚು ದೂರ ಹೋಗಿದ್ದರೆ, ಡಾಕ್ಟರ ಮುಂದೆ ಆ ಸಂಖ್ಯೆಯನ್ನೇ ಇಟ್ಟು ಕೇಳಿ.