ಇಂಟಿಗ್ರಲ್ ಬಿಡಿಸೋದಾ, ಆಪ್ಷನ್ ಡಿಫರೆನ್ಶಿಯೇಟ್ ಮಾಡಿ ನೋಡೋದಾ?

ಪರ: ಉತ್ತರ ಕಣ್ಣೆದುರೇ ಇದೆ, ಹುಡುಕೋದ್ಯಾಕೆ?

ಸಿಇಟಿ ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದಕ್ಕೆ 80 ಸೆಕೆಂಡು, ಅದರಲ್ಲೇ ಓದಬೇಕು, ಲೆಕ್ಕ ಹಾಕಬೇಕು, ಓಎಂಆರ್ ಶೀಟಿನಲ್ಲಿ ಗುಂಡಿ ತುಂಬಬೇಕು. ಅಲ್ಲಿ ಯಾರೂ ನಿಮ್ಮ ಸ್ಟೆಪ್ಸ್ ನೋಡಲ್ಲ.

ಇಂಟಿಗ್ರೇಷನ್‌ಗೂ ಡಿಫರೆನ್ಶಿಯೇಷನ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಡಿಫರೆನ್ಶಿಯೇಟ್ ಮಾಡೋಕೆ ನಿಯಮ ಇದೆ. ಗುಣಾಕಾರಕ್ಕೆ ಒಂದು, ಭಾಗಾಕಾರಕ್ಕೆ ಒಂದು, ಒಂದರೊಳಗೊಂದು ಕೂತಿದ್ದರೆ ಚೈನ್ ರೂಲ್. ಎಂಥಾ ಫಂಕ್ಷನ್ ಕೊಟ್ಟರೂ ದಾರಿ ತಪ್ಪಲ್ಲ. ಇಂಟಿಗ್ರೇಷನ್ ಹಾಗಲ್ಲ. ಸಬ್‌ಸ್ಟಿಟ್ಯೂಷನ್ನಾ, ಪಾರ್ಷಿಯಲ್ ಫ್ರ್ಯಾಕ್ಷನ್ನಾ, ಬೈ ಪಾರ್ಟ್ಸಾ ಅಂತ ಮೊದಲು ಹೊಳೀಬೇಕು. ಹೊಳೆಯದಿದ್ದರೆ 80 ಸೆಕೆಂಡು ಹಾಗೇ ಹೋಯ್ತು.

ಒಂದು ಲೆಕ್ಕ ಹಿಡಿದೇ ನೋಡೋಣ.

∫ x eˣ/(1+x)² dx = ?

(A) eˣ/(1+x) + C
(B) eˣ/(1+x)² + C
(C) x eˣ/(1+x) + C
(D) −eˣ/(1+x) + C

ನಾಲ್ಕನ್ನೂ ಡಿಫರೆನ್ಶಿಯೇಟ್ ಮಾಡುತ್ತಾ ಕೂರಬೇಕು ಅಂತ ಹಲವರು ಅಂದುಕೊಂಡು ಈ ದಾರಿಯನ್ನೇ ಬಿಡ್ತಾರೆ. ಹಾಗೇನಿಲ್ಲ. x ಸೊನ್ನೆಯಿಂದ 1ಕ್ಕೆ ಹೋಗುವಾಗ ಇಂಟಿಗ್ರಲ್ ಒಳಗಿರುವುದು ಪಾಸಿಟಿವ್, ಅಲ್ವಾ? ಹಾಗಾದರೆ ಸರಿಯಾದ ಉತ್ತರ ಅಷ್ಟೂ ದೂರ ಏರುತ್ತಲೇ ಇರಬೇಕು. B ನೋಡಿ: x = 0 ಹಾಕಿದರೆ 1, x = 1 ಹಾಕಿದರೆ e/4, ಅಂದರೆ ಸುಮಾರು 0.68. ಇಳಿಯಿತು, ತೆಗೆದುಹಾಕಿ. D ಕೂಡ −1ರಿಂದ −1.36ಕ್ಕೆ ಇಳಿಯಿತು, ಅದೂ ಔಟ್. ಇನ್ನೂ ಒಂದು ಸಲವೂ ಡಿಫರೆನ್ಶಿಯೇಟ್ ಮಾಡಿಲ್ಲ, ಗಮನಿಸಿ. (ಒಂದು ಎಚ್ಚರ: x = −1ರಲ್ಲಿ ಈ ಫಂಕ್ಷನ್ ಒಡೆಯುತ್ತೆ, ಹಾಗಾಗಿ ಆರಿಸುವ ಎರಡೂ ಬೆಲೆ ಅದರ ಒಂದೇ ಬದಿಗಿರಬೇಕು.)

ಉಳಿದದ್ದು A ಮತ್ತು C. A ಸುಲಭ ಕಾಣುತ್ತೆ, ಅದನ್ನೇ ತಗೊಳ್ಳಿ. ಭಾಗಾಕಾರದ ನಿಯಮ ಹಾಕಿದರೆ ಮೇಲೆ eˣ(1+x) − eˣ, ಕೆಳಗೆ (1+x)². ಮೇಲಿನದ್ದರಲ್ಲಿ eˣ ಕಳೆದುಹೋಗಿ x eˣ ಉಳಿಯಿತು. ಪ್ರಶ್ನೆಯಲ್ಲಿದ್ದದ್ದೇ ಬಂತು, ಮುಗೀತು. C ಮುಟ್ಟುವ ಅಗತ್ಯವೇ ಬೀಳಲಿಲ್ಲ.

ಇನ್ನೊಂದು ಲಾಭ ಇದೆ, ಅದನ್ನು ಜಾಸ್ತಿ ಜನ ಹೇಳಲ್ಲ. ∫ sin x cos x dx ಬಿಡಿಸಿ ನಿಮಗೆ sin²x/2 ಬಂತು ಅಂದುಕೊಳ್ಳಿ. ಆಪ್ಷನ್‌ಗಳಲ್ಲಿ ಅದು ಇಲ್ಲ, −cos 2x/4 ಇದೆ. ಬಿಡಿಸಿದವನು ತನ್ನದೇ ತಪ್ಪು ಅಂತ ಮತ್ತೆ ಮೊದಲಿಂದ ಶುರು ಮಾಡ್ತಾನೆ. ಎರಡಕ್ಕೂ ಇರುವ ವ್ಯತ್ಯಾಸ ಬರೀ 1/4, ಅದು C ಒಳಗೆ ಸೇರಿಹೋಗುತ್ತೆ. −cos 2x/4 ಅನ್ನು ಡಿಫರೆನ್ಶಿಯೇಟ್ ಮಾಡಿದವನಿಗೆ ಒಂದೇ ಸಾಲಿನಲ್ಲಿ sin 2x/2 ಸಿಗುತ್ತೆ, ಅದು sin x cos x ತಾನೇ. ಅವನಿಗೆ ಗೊಂದಲವೇ ಇಲ್ಲ.

ಇದನ್ನು ಅಡ್ಡದಾರಿ ಅನ್ನೋರಿಗೆ ಒಂದು ಮಾತು. F(x)ನ ಡೆರಿವೇಟಿವ್ f(x) ಆದರೆ ಮಾತ್ರ F(x) ಅದರ ಇಂಟಿಗ್ರಲ್. ಇಂಟಿಗ್ರಲ್ ಅನ್ನುವುದರ ವ್ಯಾಖ್ಯೆಯೇ ಅದು. ವ್ಯಾಖ್ಯೆ ಬಳಸಿ ಉತ್ತರ ಕಂಡುಕೊಂಡರೆ ಕಳ್ಳತನ ಹೇಗಾಗುತ್ತೆ?

ವಿರೋಧ: ಆಪ್ಷನ್ ಕೈ ಕೊಟ್ಟಾಗ ಏನು ಮಾಡ್ತೀರಿ?

ಕಳ್ಳತನ ಅಂತ ನಾನೂ ಹೇಳಲ್ಲ. ತಪ್ಪೂ ಅಲ್ಲ. ಆದರೆ ಮೇಲಿನ ಲೆಕ್ಕವನ್ನೇ ತಗೊಂಡು ಒಂದು ಸಣ್ಣ ಬದಲಾವಣೆ ಮಾಡ್ತೀನಿ. ಇಂಟಿಗ್ರಲ್ ಚಿಹ್ನೆಗೆ ಕೆಳಗೆ 0, ಮೇಲೆ 1 ಅಂತ ಲಿಮಿಟ್ಸ್ ಹಾಕಿ. ಈಗ ಆಪ್ಷನ್‌ಗಳು e/2, e/2 − 1, e − 1, 1 − e/2. ಯಾವುದನ್ನು ಡಿಫರೆನ್ಶಿಯೇಟ್ ಮಾಡ್ತೀರಿ? ಎಲ್ಲವೂ ಬರೀ ಸಂಖ್ಯೆ, ಎಲ್ಲದರ ಡೆರಿವೇಟಿವ್ ಸೊನ್ನೆ.

ಬಿಡಿಸೋಕೆ ಬಂದವನಿಗೆ ಎರಡೂ ಪ್ರಶ್ನೆ ಒಂದೇ. ಮೇಲಿನ x ಅನ್ನು (1+x) − 1 ಅಂತ ಬರೀತಾನೆ. ಆಗ ಒಳಗಿರುವುದು eˣ[1/(1+x) − 1/(1+x)²] ಆಗುತ್ತೆ. 1/(1+x)ನ ಡೆರಿವೇಟಿವ್ −1/(1+x)². ಅಂದರೆ ಇದು eˣ[f(x) + f′(x)] ರೂಪ, ಉತ್ತರ eˣ f(x). ದ್ವಿತೀಯ ಪಿಯುಸಿ ಪುಸ್ತಕದಲ್ಲೇ ಇರುವ ಮಾದರಿ ಇದು. ಕಣ್ಣು ಪಳಗಿದವರಿಗೆ ಇಪ್ಪತ್ತು ಸೆಕೆಂಡಿನ ಕೆಲಸ, ನಾಲ್ಕು ಆಪ್ಷನ್ ಓದಿ ಮುಗಿಸುವಷ್ಟರಲ್ಲಿ ಉತ್ತರ ಕೈಲಿರುತ್ತೆ. ಲಿಮಿಟ್ಸ್ ಹಾಕಿದರೆ e/2 − 1, ಅಷ್ಟೇ. ಆಪ್ಷನ್ ನೋಡಿಯೇ ಅಭ್ಯಾಸ ಮಾಡಿದವನಿಗೆ x ಅನ್ನು ಹಾಗೆ ಒಡೆಯಬೇಕು ಅಂತ ಹೊಳೆಯಲ್ಲ, ಯಾಕೆಂದರೆ ಅದು ಹೊಳೆಯಬೇಕಾದ ಸಂದರ್ಭವನ್ನೇ ಅವನು ಪ್ರತಿ ಸಲ ತಪ್ಪಿಸಿಕೊಂಡು ಬಂದಿದ್ದಾನೆ.

ಪ್ರಶ್ನೆ ತೆಗೆಯುವವರಿಗೂ ಈ ಉಪಾಯ ಗೊತ್ತು. 2019ರ ಜೆಇಇ ಮೇನ್‌ನಲ್ಲಿ ಒಂದು ಪ್ರಶ್ನೆ ಬಂದಿತ್ತು: f(x) = ∫ (5x⁸ + 7x⁶)/(x² + 1 + 2x⁷)² dx, x ≥ 0, f(0) = 0 ಆದರೆ f(1) ಎಷ್ಟು? ಇಲ್ಲಿ ಲಿಮಿಟ್ಸ್ ಇಲ್ಲ, ಆದರೂ ಆಪ್ಷನ್‌ಗಳೆಲ್ಲ ಸಂಖ್ಯೆಗಳೇ. ಮೇಲೆ ಕೆಳಗೆ x¹⁴ದಿಂದ ಭಾಗಿಸಬೇಕು ಅಂತ ಗೊತ್ತಾದರೆ ಕೆಳಗೆ (2 + x⁻⁵ + x⁻⁷)² ಬರುತ್ತೆ, ಮೇಲೆ ಇರುವುದು ಆ ಆವರಣದ ಡೆರಿವೇಟಿವ್‌ನ ಮೈನಸ್ಸು. f(x) = x⁷/(2x⁷ + x² + 1), f(1) = 1/4. ಆ ಭಾಗಾಕಾರ ಹೊಳೆಯದವನು ಮುಂದಿನ ಪ್ರಶ್ನೆಗೆ ಹೋಗಬೇಕಷ್ಟೇ. ಅದೇ ಪರೀಕ್ಷೆಯಲ್ಲಿ ಈಗ ಆಪ್ಷನ್ನೇ ಇಲ್ಲದೆ ಸಂಖ್ಯೆ ಟೈಪ್ ಮಾಡುವ ಪ್ರಶ್ನೆಗಳೂ ಇವೆ.

ಇನ್ನು, ಡಿಫರೆನ್ಶಿಯೇಟ್ ಮಾಡಿದರೆ ದಾರಿ ತಪ್ಪಲ್ಲ ಅನ್ನೋದೂ ಅರ್ಧ ಸತ್ಯ. ನಿಯಮ ತಪ್ಪಲ್ಲ ಸರಿ, ಆದರೆ ಬಂದ ಉತ್ತರ ಪ್ರಶ್ನೆಯದ್ದೇ ಅಂತ ಗುರುತು ಸಿಗಬೇಕಲ್ಲ. ∫ sec x dxಗೆ log|tan(π/4 + x/2)| ಅಂತ ಆಪ್ಷನ್ ಕೊಟ್ಟಿದ್ದಾರೆ ಅನ್ನಿ. ಡಿಫರೆನ್ಶಿಯೇಟ್ ಮಾಡಿದರೆ ಮೊದಲು ಬರುವುದು ½ sec²(π/4 + x/2)/tan(π/4 + x/2). ಇದು sec x ಥರ ಕಾಣುತ್ತಾ? ಕಾಣಲ್ಲ. ಹೆಚ್ಚಿನವರು ಇಲ್ಲೇ ಸರಿ ಉತ್ತರಕ್ಕೆ ಗೀಟು ಹಾಕ್ತಾರೆ. sin ಮತ್ತು cosಗೆ ತಿರುಗಿಸಿದರೆ ಅದು 1/sin(π/2 + x) ಆಗಿ, ಕೊನೆಗೆ 1/cos x ಆಗುತ್ತೆ. ಅಷ್ಟು ತ್ರಿಕೋನಮಿತಿ ಮಾಡುವ ಹೊತ್ತಿಗೆ ಎರಡು ಪ್ರಶ್ನೆಯ ಸಮಯ ಹೋಗಿರುತ್ತೆ.

ಹಾಗಾದಾಗ ಒಂದು ಬೆಲೆ ಹಾಕಿ ನೋಡಿ ಅಂತಾರೆ. ಹಾಕಬಹುದು. x = 0 ಇಟ್ಟರೆ ಎರಡೂ ಕಡೆ 1 ಬರುತ್ತೆ, ಆಪ್ಷನ್ ಉಳಿಯುತ್ತೆ. ಆದರೆ ಮೊದಲ ಲೆಕ್ಕದಲ್ಲೂ ಸುಮ್ನೆ x = 0 ಇಟ್ಟುಬಿಟ್ಟರೆ? ಪ್ರಶ್ನೆಯದ್ದು ಸೊನ್ನೆ, A ಡೆರಿವೇಟಿವ್ ಸೊನ್ನೆ, Dಯದ್ದೂ ಸೊನ್ನೆ. ಮೈನಸ್ ಇದ್ದರೂ ಸೊನ್ನೆ ಸೊನ್ನೆಯೇ. ಒಂದು ಬೆಲೆಗೆ ತಾಳೆಯಾಗದಿದ್ದರೆ ಆಪ್ಷನ್ ತಪ್ಪು ಅಂತ ಖಂಡಿತ ಹೇಳಬಹುದು, ತಾಳೆಯಾದರೆ ಸರಿ ಅಂತ ಹೇಳೋಕಾಗಲ್ಲ. ಬೆಲೆ ಹಾಕುವುದೇ ಆದರೆ ಪ್ರಶ್ನೆಯ ಫಂಕ್ಷನ್ ಸೊನ್ನೆಯಾಗದ ಕಡೆ ಹಾಕಿ.

ನನ್ನ ಪ್ರಕಾರ ಈ ವಿದ್ಯೆಗೆ ಜಾಗ ಇರುವುದು ಕೊನೆಯಲ್ಲಿ. ∫ dx/(x² + 4x + 13) ಬಂತು ಅನ್ನಿ. ಕೆಳಗಿನದ್ದನ್ನು (x+2)² + 9 ಅಂತ ಬರೆದು ನೇರ ಸೂತ್ರ ಹಾಕಿ. tan⁻¹((x+2)/3) ಬರುತ್ತೆ, ಆದರೆ ಮುಂದೆ 1/3 ಇದೆಯೋ ಇಲ್ಲವೋ ಅನ್ನೋದು ಆ ಆತುರದಲ್ಲಿ ಎಲ್ಲರಿಗೂ ಗೊಂದಲ. ಆಗ ನಿಮ್ಮ ಉತ್ತರವನ್ನೇ x = −2ರಲ್ಲಿ ಡಿಫರೆನ್ಶಿಯೇಟ್ ಮಾಡಿ. ಪ್ರಶ್ನೆಯಲ್ಲಿ 1/9 ಇದೆ, ನಿಮ್ಮದು 1/3 ಬಂದರೆ ಮುಂದಿನ 1/3 ಬಿಟ್ಟುಹೋಗಿದೆ, ಸೇರಿಸಿ.